ತೋತಾಪುರಿ ವರ್ಷದ ಲೆಕ್ಕ, ಹೊಸ ಅಧ್ಯಕ್ಷರ ಪರಿಚಯ

*ಸಂಪಾದಕರಿಗೆ ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಮಾವು ಬೆಳೆಗಾರರ ಸಂಘಕ್ಕೆ ನಾನು ಅಧ್ಯಕ್ಷ. ಈ ಸೆಪ್ಟೆಂಬರ್ ಕೊನೆಗೆ ಮಹಾಸಭೆ. ಅಲ್ಲೇ ವರ್ಷದ ಕೆಲಸ ಹೇಳಿ, ಹೊಸ ಅಧ್ಯಕ್ಷರನ್ನು ಪರಿಚಯಿಸಿ, ಅಧಿಕಾರ ಬಿಟ್ಟುಕೊಡಬೇಕು. ಅವರು ರಾಯಲ್ಪಾಡು ಕಡೆಯವರು, ನನಗಿಂತ ಬಹಳ ಚಿಕ್ಕವರು. ನಾವು ನಿಲ್ಲಿಸಿದವರ ಎದುರು ಗೆದ್ದವರು. ನಾಲ್ಕು ಪುಟ ಭಾಷಣ ಬರೆದು ಜೊತೆಗಿಟ್ಟಿದ್ದೇನೆ. ಜನಕ್ಕೆ ಬೇಜಾರಾಗಬಾರದು, ಸಭೆಯಲ್ಲಿ ಜಗಳ ಏಳಬಾರದು. ಹೇಗೆ ತಿದ್ದಲಿ? ಹೆಸರು ಹಾಕಬೇಡಿ. — ಒಬ್ಬ ಓದುಗ*

ನಾಲ್ಕು ಪುಟವನ್ನೂ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿದೆ. ಹದಿಮೂರು ನಿಮಿಷ ಆಯಿತು. ನಿಮಗಿಂತ ಮುಂಚೆ ಕಾರ್ಯದರ್ಶಿಗಳು ವರದಿ ಓದುತ್ತಾರೆ, ಖಜಾಂಚಿಗಳು ಲೆಕ್ಕ ಓದುತ್ತಾರೆ. ಹಿಂದುಗಡೆ ಶಾಮಿಯಾನಾದಲ್ಲಿ ಮುದ್ದೆ ಕಟ್ಟೋಕೆ ಶುರುವಾಗಿರುತ್ತೆ. ಏಳು ನಿಮಿಷಕ್ಕೆ ಇಳಿಸಿ. ಮೊದಲ ಪುಟ ಪೂರ್ತಿ ವೇದಿಕೆ ಮೇಲಿರುವವರ ಹೆಸರೇ ಇದೆ. ಅವರನ್ನೆಲ್ಲ ಸ್ವಾಗತ ಭಾಷಣದಲ್ಲಿ ಒಂದು ಸಲ ಹೆಸರಿಸಿ ಆಗಿರುತ್ತೆ, ಅಲ್ವಾ? 'ವೇದಿಕೆ ಮೇಲಿರುವ ಹಿರಿಯರಿಗೆ, ಮುಂದೆ ಕೂತಿರುವ ಬೆಳೆಗಾರರಿಗೆ ನಮಸ್ಕಾರ' ಅಂದರೆ ಸಾಕು. ಮೂರು ನಿಮಿಷ ಅಲ್ಲೇ ಉಳಿಯಿತು.

ಜಗಳ ಎಲ್ಲಿಂದ ಬರಬಹುದು ಅಂತ ನೋಡಿದೆ. ಹೊಸ ಅಧ್ಯಕ್ಷರ ವಿಷಯದಿಂದ ಬರಲಿಕ್ಕಿಲ್ಲ. 'ಈ ವರ್ಷ' ಅನ್ನುವ ಮಾತಿನಿಂದ ಬರಬಹುದು. ಸಂಘದ ಲೆಕ್ಕ ಮುಗಿಯೋದು ಮಾರ್ಚ್ 31ಕ್ಕೆ. ಖಜಾಂಚಿಗಳು ಓದೋದು ಅಲ್ಲಿಯವರೆಗಿನ, ಆಡಿಟ್ ಆದ ಲೆಕ್ಕ. ನಮ್ಮ ಮಾವಿನ ವರ್ಷ ಹಾಗಿಲ್ಲ. ಫೆಬ್ರವರಿಯಲ್ಲಿ ಕೊಂಡ ಹಣ್ಣು ನೊಣದ ಬಲೆಯ ಖರ್ಚು ಆ ಲೆಕ್ಕದಲ್ಲಿದೆ. ಜೂನ್‌ನಲ್ಲಿ ಕೋಲಾರಕ್ಕೆ ಹೋಗಿ ಬಂದ ಬಸ್ಸಿನ ಬಾಡಿಗೆ ಮುಂದಿನ ಲೆಕ್ಕಕ್ಕೆ ಹೋಗುತ್ತೆ. ನೀವು ಎರಡನ್ನೂ ಸೇರಿಸಿ 'ಈ ವರ್ಷ ಇಷ್ಟು ಖರ್ಚಾಯಿತು' ಅಂತ ಒಂದೇ ಮೊತ್ತ ಬರೆದಿದ್ದೀರಿ. ಐದು ನಿಮಿಷ ಮುಂಚೆ ಖಜಾಂಚಿಗಳು ಬೇರೆ ಮೊತ್ತ ಹೇಳಿರುತ್ತಾರೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು 'ಯಾವುದು ಸರಿ ಸಾರ್?' ಅಂತ ಕೇಳಿದರೆ ನೀವು ಅಲ್ಲೇ ಸಿಕ್ಕಿಬೀಳುತ್ತೀರಿ. ದುಡ್ಡು ಎಲ್ಲೂ ಹೋಗಿಲ್ಲ. ಆದರೂ ಅನುಮಾನ ಬಂದುಬಿಡುತ್ತೆ.

ಹಾಗಾಗಿ ಭಾಷಣದಲ್ಲಿ ಹಣದ ಮೊತ್ತವನ್ನೇ ಹೇಳಬೇಡಿ. ಹೀಗೆ ಬರೆಯಿರಿ: 'ಮಾರ್ಚ್ ತನಕದ ಲೆಕ್ಕ ಖಜಾಂಚಿಗಳು ಓದಿದ್ದಾರೆ, ಸಭೆ ಒಪ್ಪಿದೆ. ಏಪ್ರಿಲ್‌ನಿಂದ ಇಲ್ಲಿಯವರೆಗೆ ಆದ ಖರ್ಚಿನ ಓಚರುಗಳನ್ನು ಹೊಸ ಸಮಿತಿಗೆ ಕೊಡುತ್ತಿದ್ದೇನೆ. ಅದರ ಲೆಕ್ಕ ಮುಂದಿನ ಮಹಾಸಭೆಗೆ ಬರುತ್ತದೆ.' ಕೆಲಸವನ್ನು ಹೇಳುವಾಗ ಮಾತ್ರ ಮಾವಿನ ವರ್ಷವನ್ನೇ ಹಿಡಿಯಿರಿ. ಹೂ ಬಂದಾಗಿನಿಂದ ಕೊನೆಯ ಲೋಡು ಹೋಗುವ ತನಕ. ಕೂತಿರುವವರು ವರ್ಷವನ್ನು ಎಣಿಸೋದೂ ಹಾಗೇ.

ಇನ್ನು ಎರಡನೇ ಪುಟ. ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೀರಿ: 'ನಮ್ಮ ಹೋರಾಟದಿಂದ ತೋತಾಪುರಿಗೆ 1,616 ರೂಪಾಯಿ ಬೆಲೆ ತಂದೆವು.' ಈ ಸಾಲು ಹೋಗಲೇಬೇಕು.

2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಎಂದು ಆದೇಶ ಮಾಡಿತು. ನಮ್ಮ ಕಾಯಿ ಹೋಗೋದೇ ಅಲ್ಲಿನ ತಿರುಳಿನ ಫ್ಯಾಕ್ಟರಿಗಳಿಗೆ. ಬೆಲೆ ಬಿತ್ತು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಆಮೇಲೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಾಲಿಗೆ 1,616 ರೂಪಾಯಿ ದರ ಇಟ್ಟು, ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಅಂದರೆ 1,616 ರೂಪಾಯಿ ಕೊಟ್ಟು ಯಾರೂ ಕಾಯಿ ಕೊಳ್ಳಲಿಲ್ಲ. ಮಂಡಿಯಲ್ಲಿ ಸಿಕ್ಕಿದ ದರಕ್ಕೂ ಇದಕ್ಕೂ ಇರುವ ಅಂತರ ನೋಡಿ, ಒಂದು ಮಿತಿಯೊಳಗೆ, ಖಾತೆಗೆ ಹಣ ಹಾಕುವ ವ್ಯವಸ್ಥೆ ಅದು. ನಿಮ್ಮ ಮುಂದೆ ಕೂತವರಲ್ಲಿ ಬಹಳ ಜನ ತಮ್ಮ ಕೈಗೆ ಬಂದಿದ್ದೆಷ್ಟು ಅಂತ ಚೆನ್ನಾಗಿ ಬಲ್ಲರು. ಮೈಕಲ್ಲಿ '1,616 ತಂದೆವು' ಅಂದ ಕೂಡಲೇ 'ನನಗೆಲ್ಲಿ ಬಂತು?' ಅಂತ ಮೂರು ಮೂಲೆಯಿಂದ ಕೂಗು ಏಳುತ್ತೆ. ತಾಲ್ಲೂಕಿನ ಬೇರೆ ಸಂಘದವರೂ ಬೀದಿಗೆ ಇಳಿದಿದ್ದರು. 'ನಾವೇ ತಂದೆವು' ಅಂದರೆ ಅವರಿಗೂ ಸಿಟ್ಟು ಬರುತ್ತೆ.

ಆದರೆ ನಿಮ್ಮ ಸಂಘ ನಿಜವಾಗಿ ಮಾಡಿದ ಕೆಲಸ ಮೂರನೇ ಪುಟದ ಕೆಳಗೆ ಒಂದೇ ಸಾಲಿನಲ್ಲಿ ಅಡಗಿದೆ. ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇಲ್ಲದ ಸದಸ್ಯರನ್ನು ಹುಡುಕಿ ಮಾಡಿಸಿಕೊಟ್ಟಿದ್ದೀರಿ. ಪಹಣಿಯಲ್ಲಿ ತೀರಿಹೋದ ಅಪ್ಪನ ಹೆಸರೇ ಇದ್ದವರ ಪಟ್ಟಿ ಮಾಡಿದ್ದೀರಿ. ಬಿಳಿ ಚೀಟಿಯಲ್ಲಿ ಕಾಯಿ ಮಾರಿದವರಿಗೆ ಮಾರಾಟದ ದಾಖಲೆ ಇಲ್ಲದೆ ತೊಂದರೆಯಾಯಿತು ಅಂತಲೂ ಬರೆದಿದ್ದೀರಿ. ಇದನ್ನು ಮೇಲಕ್ಕೆ ತನ್ನಿ, ಎರಡು ನಿಮಿಷ ಕೊಡಿ. ಹೀಗೆ:

'ಜೂನ್‌ನಲ್ಲಿ ಗಡಿಯಲ್ಲಿ ಲೋಡು ನಿಂತಿದ್ದು ನಿಮಗೆಲ್ಲ ಗೊತ್ತು. ನಾವು ಮನವಿ ಕೊಟ್ಟೆವು, ಬೇರೆ ಸಂಘಗಳ ಜೊತೆ ರಸ್ತೆಯಲ್ಲಿ ಕೂತೆವು. ಬೆಲೆ ವ್ಯತ್ಯಾಸದ ಹಣ ಸರ್ಕಾರಗಳು ಕೊಟ್ಟಿದ್ದು. ಅದು ನಮ್ಮ ಸದಸ್ಯರ ಖಾತೆ ತಲುಪಲಿ ಎಂದು ಕಾಗದಪತ್ರದ ಕೆಲಸ ನಾವು ಮಾಡಿದೆವು. ಕೆಲವರಿಗೆ ಆಗಲಿಲ್ಲ. ಬಿಳಿ ಚೀಟಿಯಲ್ಲಿ ಮಾರಿದವರಿಗೆ ತೋರಿಸಲು ದಾಖಲೆ ಇರಲಿಲ್ಲ. ಪಹಣಿ ಅಪ್ಪನ ಹೆಸರಲ್ಲೇ ಇದ್ದವರದ್ದೂ ನಿಂತಿದೆ. ಅವರ ಪಟ್ಟಿ ನನ್ನ ಹತ್ತಿರ ಇದೆ, ಇವತ್ತು ಹೊಸ ಅಧ್ಯಕ್ಷರ ಕೈಗೆ ಹೋಗುತ್ತದೆ.'

ಇದರಲ್ಲಿ ಮಾಡಿದ್ದೂ ಇದೆ, ಆಗದ್ದೂ ಇದೆ. ಆಗದ್ದನ್ನು ನೀವೇ ಮೊದಲು ಹೇಳಿದರೆ ಬೇರೆಯವರು ಎದ್ದು ಕೇಳೋಕೆ ಏನೂ ಉಳಿಯೋದಿಲ್ಲ.

ಹಣ್ಣು ನೊಣದ ಬಲೆಯ ವಿಷಯಕ್ಕೂ ಇದೇ ಮಾತು. 'ಸದಸ್ಯರೆಲ್ಲರಿಗೂ ಮೋಹಕ ಬಲೆ ಹಂಚಿದೆವು' ಅಂತ ಬರೆದು ಮುಂದೆ ಹೋಗಿದ್ದೀರಿ. ಹಂಚಿದ ಮೇಲೆ ಏನಾಯಿತು? ಆ ಬಲೆಯೊಳಗಿನ ಮೀಥೈಲ್ ಯೂಜಿನಾಲ್ ಗಂಡು ನೊಣಗಳನ್ನು ಮಾತ್ರ ಎಳೆಯುತ್ತೆ. ಒಂದು ತೋಟದಲ್ಲಿ ಕಟ್ಟಿ ಪಕ್ಕದ ತೋಟದಲ್ಲಿ ಬಿಟ್ಟರೆ ಅಲ್ಲಿಂದ ಹೆಣ್ಣು ನೊಣ ಹಾರಿ ಬಂದು ಮೊಟ್ಟೆ ಇಡುತ್ತೆ. ಕೆಲವು ವಾರ ಆದ ಮೇಲೆ ವಾಸನೆ ಇಳಿಯುತ್ತೆ, ಒಳಗಿನ ಬಿಲ್ಲೆ ಬದಲಿಸಬೇಕು. ಬಿದ್ದ ಹಣ್ಣು ಆರಿಸಿ ಹೂಳದಿದ್ದರೆ ಅದರೊಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತೆ. ಆದ್ದರಿಂದ ಎಷ್ಟು ಬಲೆ ಹಂಚಿದಿರಿ ಅನ್ನೋದಕ್ಕಿಂತ ಯಾವ ಊರಲ್ಲಿ ಎಲ್ಲ ತೋಟದವರೂ ಕಟ್ಟಿದರು, ಯಾವ ಊರಲ್ಲಿ ಅರ್ಧಕ್ಕೆ ನಿಂತಿತು ಅನ್ನೋದನ್ನು ಹೇಳಿ. ಎರಡನೇ ಸಲದ ಬಿಲ್ಲೆ ತಡವಾಗಿ ಬಂತು ಅಂತ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದೀರಲ್ಲ, ಅದನ್ನು ಭಾಷಣದೊಳಗೆ ತನ್ನಿ. ಎರಡೂ ಕಂತಿನ ಬಿಲ್ಲೆ ಒಟ್ಟಿಗೇ ತರಿಸಬೇಕು ಅಂತ ಹೊಸ ಸಮಿತಿಗೆ ತಿಳಿಯೋದು ಅದರಿಂದಲೇ.

ಮಂಡಿಯಲ್ಲಿ ರೈತರಿಂದ ಕಮಿಷನ್ ಹಿಡಿಯುವ ವಿಷಯ ಬಾಕಿ ಇದೆ. ಅದನ್ನು ಬರೆದಿರುವ ಧಾಟಿ ಬಹಳ ಖಾರ. ಇಲ್ಲಿ ಬೈಗುಳ ಬೇಡ. ಯಾವ ಕಚೇರಿಗೆ, ಯಾವ ದಿನ ಅರ್ಜಿ ಕೊಟ್ಟಿರಿ, ಸ್ವೀಕೃತಿ ಎಲ್ಲಿದೆ, ಉತ್ತರ ಬಂತೋ ಇಲ್ಲವೋ, ಇಷ್ಟೇ ಹೇಳಿ. ಮುಂದೆ ಬರುವವರಿಗೆ ಬೇಕಾದ್ದು ಆ ಸ್ವೀಕೃತಿಯ ಕಾಗದ.

ಈಗ ಪರಿಚಯ. ನೀವು ಬರೆದಿದ್ದು: 'ನನ್ನ ತಮ್ಮನಂತಿರುವ, ನನ್ನ ಗರಡಿಯಲ್ಲೇ ಬೆಳೆದ ಯುವ ನಾಯಕರು, ಹಿರಿಯರ ಮಾರ್ಗದರ್ಶನದಲ್ಲಿ ನಡೆಯುತ್ತಾರೆ ಎಂದು ನಂಬಿದ್ದೇನೆ.' ನೀವು ಪ್ರೀತಿಯಿಂದಲೇ ಬರೆದಿರಬಹುದು. ಆದರೆ ಮೊನ್ನೆ ಚುನಾವಣೆ ನೋಡಿದವರಿಗೆ ಇದು ಕುಟುಕಿದ ಹಾಗೆ ಕೇಳುತ್ತೆ. ಗೆದ್ದವರನ್ನು ನಿಮ್ಮ ಶಿಷ್ಯ ಮಾಡಬೇಡಿ. ಚುನಾವಣೆಯನ್ನು ಮುಚ್ಚಿಡಲೂ ಬೇಡಿ, ಇಡೀ ಸಭೆಗೆ ಗೊತ್ತಿರುವ ವಿಷಯ ಅದು. ಒಂದೇ ವಾಕ್ಯದಲ್ಲಿ ಮುಗಿಸಿ: 'ಚುನಾವಣೆ ಆಯಿತು, ನಾನು ಬೇರೆಯವರಿಗೆ ಮತ ಕೇಳಿದ್ದೆ, ನೀವು ಇವರನ್ನು ಆರಿಸಿದಿರಿ.' ಜನ ನಗುತ್ತಾರೆ. ನಗಲಿ, ಅಲ್ಲಿಗೆ ಬಿಗಿ ಸಡಿಲವಾಗುತ್ತೆ.

ಆಮೇಲೆ ಅವರ ಬಗ್ಗೆ ಮೂರು ವಿಷಯ ಸಾಕು. ಎಲ್ಲಿಯವರು, ಯಾವ ಜಾತಿಯ ಮಾವು ಎಷ್ಟು ಬೆಳೆಯುತ್ತಾರೆ, ಸಂಘದ ಯಾವ ಕೆಲಸದಲ್ಲಿ ಸಭೆಯವರು ಅವರನ್ನು ಕಣ್ಣಾರೆ ನೋಡಿದ್ದಾರೆ. ಡಿಗ್ರಿ, ಅವರಪ್ಪನ ದೊಡ್ಡಸ್ತಿಕೆ, ಯಾವ ಮುಖಂಡರಿಗೆ ಬೇಕಾದವರು ಅನ್ನೋದೆಲ್ಲ ಸುಮ್ನೆ ಬಿಡಿ. ಗಡಿಯಲ್ಲಿ ಲೋಡು ನಿಂತಾಗ ಅವರು ರಾತ್ರಿ ಹೋಗಿ ಡ್ರೈವರುಗಳಿಗೆ ಊಟ ಕೊಡಿಸಿದರು ಅಂತ ಬೇರೆ ಕಡೆ ಬರೆದಿದ್ದೀರಿ. ಅದನ್ನು ಇಲ್ಲಿಗೆ ತನ್ನಿ. ಎದುರು ಪಾಳಯದವರ ಬಾಯಿಂದ ಬಂದ ಇಂಥ ಮಾತಿಗೆ ತೂಕ ಜಾಸ್ತಿ.

ಹೇಳಬಾರದ್ದೂ ಒಂದಿದೆ. 'ಇವರು ಮುಂದಿನ ವರ್ಷ ಸಂಘದ ಸ್ವಂತ ಕಟ್ಟಡ ಕಟ್ಟಿಸುತ್ತಾರೆ' ಅಂತ ಅವರ ಪರವಾಗಿ ಮಾತು ಕೊಡಬೇಡಿ. ಅವರ ಯೋಜನೆ ಅವರೇ ಹೇಳಲಿ. ಭಾಷಣದ ಮಧ್ಯೆ ಒಂದೆರಡು ಮಾತು ತೆಲುಗಲ್ಲಿ ಆಡಿದರೆ ತಪ್ಪೇನಿಲ್ಲ, ನಿಮ್ಮ ಕಡೆ ಅದು ಇದ್ದದ್ದೇ. ಆದರೆ ಪರಿಚಯದ ಮಾತನ್ನು ಕನ್ನಡದಲ್ಲಿ ನೇರವಾಗಿ ಆಡಿ, ನಡಾವಳಿ ಬರೆಯುವವರಿಗೂ ಅನುಕೂಲ.

ಪರಿಚಯವನ್ನು ಕೊನೆಗಿಡಿ, ಅವರ ಹೆಸರನ್ನು ಕಟ್ಟಕಡೆಗಿಡಿ. ನಿಮ್ಮ ಕೃತಜ್ಞತೆ ಎಲ್ಲ ಅದಕ್ಕಿಂತ ಮುಂಚೆ ಮುಗಿದಿರಲಿ. ಹೆಸರು ಹೇಳಿದ ಕೂಡಲೇ ಚಪ್ಪಾಳೆ, ಹಾರ, ಪೇಟ, ಫೋಟೋ ಶುರು. ಅದಾದ ಮೇಲೆ ನೀವು ಮತ್ತೆ ಮೈಕ್ ಹಿಡಿದು 'ಇನ್ನೊಂದು ಮಾತು' ಅಂದರೆ ಯಾರೂ ಕೇಳೋದಿಲ್ಲ.

ಫೋಟೋಗೆ ನಿಲ್ಲುವಾಗ ಕೈಗೆ ಹೂಗುಚ್ಛದ ಬದಲು ಒಂದು ಫೈಲು ಕೊಡಿ. ಅದರಲ್ಲಿ ಏಪ್ರಿಲ್‌ನಿಂದೀಚೆಗಿನ ಓಚರು, ಹಣ ಬಾರದ ಸದಸ್ಯರ ಪಟ್ಟಿ, ಮಂಡಿ ಅರ್ಜಿಯ ಸ್ವೀಕೃತಿ ಇರಲಿ. ಪಾಸ್‌ಬುಕ್, ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರ್ ಕೊಟ್ಟಿದ್ದಕ್ಕೆ ಇಬ್ಬರೂ ಸಹಿ ಹಾಕಿದ ಒಂದು ಹಾಳೆಯೂ ಅದರಲ್ಲೇ ಇರಲಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಠರಾವು ಬೇಕು. ಅದನ್ನು ಅವತ್ತಿನ ನಡಾವಳಿಯಲ್ಲೇ ಬರೆಸಿ, ಇಲ್ಲದಿದ್ದರೆ ಚೆಕ್ಕಿಗೆ ಇನ್ನೂ ನಿಮ್ಮ ಸಹಿಯೇ ಬೇಕಾಗುತ್ತೆ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ ಅಂತ ಲೆಟರ್‌ಹೆಡ್ ನೋಡಿದರೆ ಗೊತ್ತಾಗುತ್ತೆ. ಹಾಗಾದರೆ ಹೊಸ ಸಮಿತಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ಮಹಾಸಭೆ ಆದ 14 ದಿನದೊಳಗೆ ಕೋಲಾರದ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ಆ ಕೆಲಸ ಹೊಸಬರದ್ದು. ಆದರೆ ಹೋದ ವರ್ಷ ಸಲ್ಲಿಸಿದ ಪ್ರತಿ ನಿಮ್ಮ ಬೀರುವಿನಲ್ಲಿದ್ದರೆ ಅದನ್ನೂ ಫೈಲಿಗೆ ಸೇರಿಸಿ.