ಮಗ ಗೇ ಅಂತ ಹೇಳಿದ, ಈಗ ನಾನು ಏನು ಮಾಡ್ಲಿ?

ಪ್ರಶ್ನೆ: ಸಿರ್ಸಿ ಹತ್ರ ಹಳ್ಳಿ ನಮ್ದು. ಮಗ ಸೆಕೆಂಡ್ ಪಿಯು. ಅರ್ಧ ಗಂಟೆ ಹಿಂದೆ "ಆಯಿ, ನಾನು ಗೇ" ಅಂದು ರೂಮಿಗೆ ಹೋಗಿ ಕೂತಿದಾನೆ. ನಂಗೆ ಬಾಯೇ ಬರ್ಲಿಲ್ಲ. ಅವರಪ್ಪ ಪೇಟೆಯಿಂದ ಬರೋ ಹೊತ್ತಾಯ್ತು. ಈಗ ಏನು ಮಾಡ್ಲಿ?

ಅಕ್ಕಾ, ಮೊದ್ಲು ಎದ್ದು ಬಾಗಿಲು ತಟ್ಟಿ "ಹೇಳಿದ್ದು ಒಳ್ಳೇದಾಯ್ತು, ನಂಗೆ ಸಿಟ್ಟಿಲ್ಲ" ಅಂತ ಹೇಳಿ ಬನ್ನಿ, ಉಳಿದದ್ದು ಆಮೇಲೆ ಓದಿ. ನಿಮಗೆ ಬಾಯಿ ಬರದೇ ಇದ್ದದ್ದು ಗಾಬರಿಗೆ, ಆದ್ರೆ ಒಳಗೆ ಕೂತವನಿಗೆ ಅದು "ಆಯಿಗೆ ನಾನು ಬೇಡಾದೆ" ಅಂತ ಕಾಣ್ತಾ ಇರ್ತದೆ. ನಿಮಗೆ ಪೂರ್ತಿ ಅರ್ಥ ಆಗಿರ್ಬೇಕು ಅಂತೇನಿಲ್ಲ, "ನಂಗೆ ಇದೆಲ್ಲ ಹೊಸದು, ಸ್ವಲ್ಪ ಟೈಮ್ ಕೊಡು, ಆದ್ರೆ ನಾ ನಿನ್ನ ಜೊತೆಗೇ ಇರ್ತೆ" ಅಂದ್ರೂ ಸಾಕು.

ನಾನು ಕುಮಟಾ ಕಡೆ ಪಿಯು ಮಕ್ಕಳಿಗೆ ಕೌನ್ಸೆಲಿಂಗ್ ಮಾಡ್ತೀನಿ. ತಂದೆತಾಯಿ ಈ ಹೊತ್ತಲ್ಲಿ ಕೇಳೋದು ಸಾಮಾನ್ಯ ಎರಡು ಪ್ರಶ್ನೆ, "ಖಂಡಿತಾನಾ?" ಮತ್ತೆ "ಯಾರ ಜೊತೆಗಾದ್ರೂ ಏನಾದ್ರೂ ಆಗಿದ್ಯಾ?" ಎರಡೂ ಬೇಡ. ಮೊದಲನೆಯದಕ್ಕೆ ಅವನು ವರ್ಷಗಟ್ಟಲೆ ಒಬ್ಬನೇ ಉತ್ತರ ಹುಡುಕಿರ್ತಾನೆ, ಎರಡನೆಯದು ಪೊಲೀಸ್ ವಿಚಾರಣೆ ಆಗ್ತದೆ. ಕೇಳಲೇಬೇಕಾದ್ದು ಬೇರೆ: ಇವತ್ತೇ ಯಾಕೆ ಹೇಳಿದೆ?

ಯಾಕಂದ್ರೆ ಎಷ್ಟೋ ಸಲ ಮಕ್ಕಳು ಹೇಳೋದು ಧೈರ್ಯ ಬಂದು ಅಲ್ಲ, ಬೇರೆ ದಾರಿ ಇಲ್ದೆ. ಒಂದು ಮನೆ ವಿಷಯ ಹೇಳ್ತೀನಿ, ಗುರುತು ಸಿಗಬಾರ್ದು ಅಂತ ಒಂದೆರಡು ವಿವರ ಬದಲಾಯಿಸಿದೀನಿ. ಹುಡುಗ ಅಡುಗೆಮನೆಗೆ ಬಂದು ಹೇಳ್ದಾಗ ತಾಯಿ ತೆಳ್ಳೇವು ಎರೀತಾ ಇದ್ರು, ಗ್ಯಾಸ್ ಆಫ್ ಮಾಡಿ ಅಲ್ಲೇ ಮಣೆ ಎಳ್ಕೊಂಡು ಕೂತು "ಇದು ಬೇರೆ ಯಾರಿಗೆ ಗೊತ್ತು? ಯಾರಾದ್ರೂ ಹೆದರಿಸ್ತಾ ಇದಾರಾ?" ಅಂತ ಮೆತ್ತಗೆ ಕೇಳಿದ್ರು. ಹುಡುಗ ಅತ್ತುಬಿಟ್ಟ. ಕ್ಲಾಸಿನವನೊಬ್ಬ ಇವನ ಚಾಟ್ ಸ್ಕ್ರೀನ್‌ಶಾಟ್ ಇಟ್ಕೊಂಡು, ದುಡ್ಡು ಕೊಡದೇ ಹೋದ್ರೆ ಗ್ರೂಪಿಗೆ ಹಾಕ್ತೀನಿ ಅಂತಿದ್ನಂತೆ. ತಾಯಿ ಫೋನ್ ಕಸಿದುಕೊಳ್ಳಲಿಲ್ಲ, ಮೆಸೇಜ್ ಡಿಲೀಟ್ ಮಾಡೋಕೆ ಬಿಡ್ಲಿಲ್ಲ, ದುಡ್ಡೂ ಕಳ್ಸೋಕೆ ಬಿಡ್ಲಿಲ್ಲ. ಆ ಮೆಸೇಜೇ ಸಾಕ್ಷಿ, ಕಂಪ್ಲೇಂಟ್ ಕೊಡೋದಾದ್ರೆ cybercrime.gov.in ಇದೆ. ನಿಮ್ಮ ಮಗನಿಗೂ ಹೀಗೇ ಆಗಿದೆ ಅಂತಲ್ಲ, ಕೇಳಿ ನೋಡಿ ಅಷ್ಟೇ.

ಇನ್ನೊಂದು ಕೇಳ್ಬೇಕು, ಕೇಳೋಕೆ ಕಷ್ಟ: "ಸತ್ತು ಹೋಗ್ಬೇಕು ಅಂತ ಅನ್ನಿಸಿದ್ದು ಇದ್ಯಾ?" ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ಬಂದುಬಿಡ್ತದೆ ಅಂತ ಎಲ್ಲರಿಗೂ ಹೆದರಿಕೆ, ಹಾಗೆ ಆಗೋದಿಲ್ಲ. ಹೌದು ಅಂದ್ರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದ್ರೂ, ಇವತ್ತು ರಾತ್ರಿ ಒಬ್ಬನೇ ಮಲಗೋದು ಬೇಡ, ತೋಟಕ್ಕೆ ಹೊಡೆಯೋ ಔಷಧಿ ಮತ್ತೆ ಮನೇಲಿರೋ ಮಾತ್ರೆ ಎಲ್ಲ ಒಳಗಿಟ್ಟು ಕೀಲಿ ಹಾಕಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಫ್ರೀ, ರಾತ್ರಿಯೂ ಇರ್ತದೆ, ಕನ್ನಡದಲ್ಲೇ ಮಾತಾಡಬಹುದು. ಏನಾದ್ರೂ ಮಾಡ್ಕೊಂಡೇ ಬಿಟ್ಟಿದಾನೆ ಅಂತ ಅನುಮಾನ ಬಂದ್ರೆ ಮಾತ್ರ ಫೋನಲ್ಲಿ ಕೂರ್ಬೇಡಿ, ಸೀದಾ ಆಸ್ಪತ್ರೆಗೆ.

ಅವರಪ್ಪಂಗೆ? ಮಗನನ್ನ ಕೇಳ್ದೆ ಹೇಳ್ಬೇಡಿ. "ಅಪ್ಪಂಗೆ ನಾ ಹೇಳ್ಲಾ, ನೀ ಹೇಳ್ತ್ಯಾ, ಈಗ ಬೇಡ್ವಾ?" ಅಂತ ಅವನಿಗೇ ಬಿಡಿ. ನಿಮ್ಮ ತಂಗಿಗೂ ಫೋನ್ ಮಾಡ್ಬೇಡಿ ಅಕ್ಕಾ, ನಮ್ಮ ಕಡೆ ಗೊತ್ತಲ್ಲ, ಬೆಳಿಗ್ಗೆ ನಿಲೇಕಣಿಲಿ ಆಡಿದ್ದು ಮಧ್ಯಾಹ್ನ ಊಟದೊಳಗೆ ಸಿದ್ದಾಪುರ ಮುಟ್ಟಿರ್ತದೆ. ಅವರಪ್ಪ ಬಂದು ನಿಮ್ಮ ಮುಖ ನೋಡಿ ಏನಾಯ್ತು ಅಂದ್ರೆ "ಹುಡುಗಂಗೆ ಸ್ವಲ್ಪ ಬೇಜಾರಾಗಿದೆ, ನಾಳೆ ಮಾತಾಡುವ" ಅಂದ್ರೆ ಅದು ಸುಳ್ಳೂ ಅಲ್ಲ. ಅವರು ಕೈ ಎತ್ತೋ ಸ್ವಭಾವದವರಾದ್ರೆ ಹೇಳೋದು ಇನ್ನೂ ಮುಂದಕ್ಕೆ ಹಾಕಿ.

ಡಾಕ್ಟ್ರು, ಜಾತಕ ಇವೆರಡರ ಮಾತು ಅವನ ಮುಂದೆ ಎತ್ತಲೇಬೇಡಿ. ಡಬ್ಲ್ಯೂಎಚ್‌ಒ 1990ರಲ್ಲೇ ಇದನ್ನ ಕಾಯಿಲೆ ಪಟ್ಟಿಯಿಂದ ತೆಗೆದಾಗಿದೆ, "ಸರಿ ಮಾಡಿಕೊಡ್ತೀವಿ" ಅಂತ ಟ್ರೀಟ್‌ಮೆಂಟ್ ಕೊಡೋದು ವೈದ್ಯರ ಮಟ್ಟಿಗೆ ದುರ್ನಡತೆ ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲಿ ಹೇಳಿದೆ. ಹಾಗಾಗಿ ಯಾರಾದ್ರೂ ಗುಣ ಮಾಡ್ತೀನಿ ಅಂದ್ರೆ ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಬೇಡಿ. ಕಾನೂನಿನ ಚಿಂತೆ ಇದ್ರೆ, ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಲ್ಲಿ ಸಲಿಂಗ ಸಂಬಂಧನ ಅಪರಾಧ ಅಂತಿದ್ದ 377ನೇ ಸೆಕ್ಷನ್ ವಿಷಯದಲ್ಲಿ ತೀರ್ಪು ಕೊಟ್ಟಾಗಿದೆ, ಗೇ ಆಗಿರೋದು ಅಪರಾಧ ಅಲ್ಲ.

ಅಳು ಬಂದ್ರೆ ಅತ್ತುಬಿಡಿ, "ನಿನ್ನಿಂದ ಅಲ್ಲ, ನಂಗೆ ಗಾಬರಿ ಆಗಿದೆ" ಅಂತ ಒಂದು ಮಾತು ಸೇರಿಸಿ. ಊಟಕ್ಕೆ ದಿನಾ ಕರೆಯೋ ಹೊತ್ತಿಗೇ ಕರೀರಿ, ಬರ್ದಿದ್ರೆ ತಟ್ಟೆ ರೂಮಿಗೇ ತಗೊಂಡು ಹೋಗಿ. ನಾಳೆ ಏನಾಯ್ತು ಅಂತ ಇಲ್ಲೇ ಬರೀರಿ, ಅವರಪ್ಪಂಗೆ ಹೇಗೆ ಹೇಳೋದು ಅಂತ ಆಮೇಲೆ ನೋಡುವ.