ನನ್, ನೈದರ್, ಡೇಟಾ: ಏಕವಚನವೋ ಬಹುವಚನವೋ

‘ಸಾರ್, ಸೂಳೆಕೆರೆ ಮತ್ತು ವಾಣಿವಿಲಾಸ ಸಾಗರದ ಬಗ್ಗೆ ಇಂಗ್ಲಿಷಿನಲ್ಲಿ ಲೇಖನ ಬರೆದು ಕಳಿಸಿದ್ದೇನೆ. ನನ್, ನೈದರ್, ಡೇಟಾ ಬಂದ ಕಡೆ ಈಸ್ ಹಾಕಬೇಕೋ ಆರ್ ಹಾಕಬೇಕೋ ಗೊತ್ತಾಗಲಿಲ್ಲ. ಮುಲಾಜಿಲ್ಲದೆ ಹೇಳಿ.’ — ಚಿತ್ರದುರ್ಗದಿಂದ ಒಬ್ಬ ಓದುಗ

ನಮಸ್ಕಾರ. ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಕೆರೆಗಳ ವಿಷಯ ನಿಮಗೆ ಚೆನ್ನಾಗಿ ಗೊತ್ತಿದೆ. ಆದರೆ ಒಂದೇ ಪ್ಯಾರಾದಲ್ಲಿ ‘ದಿ ಡೇಟಾ ಶೋಸ್’ ಎಂದು ಶುರು ಮಾಡಿ, ಎರಡು ಸಾಲು ಕೆಳಗೆ ‘ದೀಸ್ ಡೇಟಾ ಆರ್’ ಎಂದಿದ್ದೀರಿ. ಹೀಗಾದರೆ ಓದುವವರಿಗೆ ನಿಮ್ಮ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

ನಾವು ಇಲ್ಲಿ ಎಡವುವುದಕ್ಕೆ ಕಾರಣವಿದೆ. ‘ಒಬ್ಬನೂ ಬರಲಿಲ್ಲ’, ‘ಹುಡುಗರು ಬರಲಿಲ್ಲ’ ಎರಡಕ್ಕೂ ಕನ್ನಡದಲ್ಲಿ ಕ್ರಿಯಾಪದ ಒಂದೇ. ‘ಇಲ್ಲ’ ಬಂದಾಗ ವಚನದ ಯೋಚನೆಯೇ ನಮಗೆ ಬೇಕಾಗುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಲಿಯೂ ವಚನ ಆರಿಸಲೇಬೇಕು.

‘ನೈದರ್ ಆಫ್ ದಿ ಲೇಕ್ಸ್ ಆರ್ ಫುಲ್’ ಎಂದು ಬರೆದಿದ್ದೀರಿ. ಪಕ್ಕದ ‘ಲೇಕ್ಸ್’ ನಿಮ್ಮನ್ನು ಬಹುವಚನಕ್ಕೆ ಎಳೆದಿದೆ. ಕರ್ತೃಪದ ‘ಲೇಕ್ಸ್’ ಅಲ್ಲ, ‘ನೈದರ್’: ಇದೂ ಅಲ್ಲ, ಅದೂ ಅಲ್ಲ, ಒಂದೊಂದನ್ನೇ ತೆಗೆದು ನೋಡುವ ಪದ. ಮಾತಿನಲ್ಲಿ ‘ಆರ್’ ಕೇಳಿಬರುತ್ತದೆ, ಎಚ್ಚರದ ಬರಹದಲ್ಲಿ ‘ಈಸ್’ ಇರಲಿ. ‘ನೈದರ್... ನಾರ್’ ಬಂದರೆ ಮಾತ್ರ ಲೆಕ್ಕ ಬೇರೆ. ಕ್ರಿಯಾಪದ ತನಗೆ ಹತ್ತಿರವಿರುವ ನಾಮಪದವನ್ನು ಅನುಸರಿಸುತ್ತದೆ. ‘ನೈದರ್ ದಿ ಲೇಕ್ ನಾರ್ ದಿ ಕೆನಾಲ್ಸ್ ಆರ್’ ಸರಿ. ಬಹುವಚನವನ್ನು ಕೊನೆಗಿಟ್ಟರೆ ವಾಕ್ಯ ಕಿವಿಗೂ ಹಿತ. ಇನ್ನೊಂದು ಮಾತು: ಮುಂದಿನ ಪುಟದಲ್ಲಿ ಭದ್ರಾ ಜಲಾಶಯವನ್ನೂ ಸೇರಿಸಿಕೊಂಡು ‘ನೈದರ್’ ಎಂದಿದ್ದೀರಿ. ಅದು ಎರಡಕ್ಕೆ ಮಾತ್ರ. ಮೂರಾದ ಮೇಲೆ ‘ನನ್’.

ಈ ‘ನನ್’ ಸದಾ ಏಕವಚನ ಎಂದು ಶಾಲೆಯಲ್ಲಿ ಕಲಿತಿರುತ್ತೀರಿ. ಅದನ್ನು ಬಿಡಿ. ‘ಒಂದೂ ಅಲ್ಲ’ ಎಂಬರ್ಥದ ಹಳೆಯ ಪದದಿಂದ ಅದು ಬಂದದ್ದು ನಿಜ, ಆದರೆ ಹಳೆಯ ಇಂಗ್ಲಿಷಿನ ಕಾಲದಿಂದಲೂ ಬಹುವಚನದಲ್ಲಿಯೂ ನಡೆದುಬಂದಿದೆ. ‘ಆಫ್’ ಆದ ಮೇಲೆ ಏನಿದೆ ನೋಡಿ. ನೀರನ್ನು ಎಣಿಸಲಾಗದು, ಹಾಗಾಗಿ ‘ನನ್ ಆಫ್ ದಿ ವಾಟರ್ ಈಸ್’ ಒಂದೇ ದಾರಿ. ಬೋರ್‌ವೆಲ್‌ಗಳನ್ನು ಎಣಿಸಬಹುದು, ‘ನನ್ ಆಫ್ ದಿ ಬೋರ್‌ವೆಲ್ಸ್ ಹ್ಯಾವ್ ವಾಟರ್’ ಎಂದು ನೀವು ಬರೆದು, ಅಳಿಸಿ ‘ಹ್ಯಾಸ್’ ಮಾಡಿದ್ದೀರಿ. ಎರಡೂ ಸರಿ, ನನಗೆ ಮೊದಲನೆಯದೇ ಸಹಜ. ಒಂದರಲ್ಲೂ ನೀರಿಲ್ಲ ಎಂದು ಒತ್ತಿ ಹೇಳಬೇಕಿದ್ದರೆ ‘ನಾಟ್ ಒನ್’ ಎಂದೇ ಬರೆದು ‘ಹ್ಯಾಸ್’ ಹಾಕಿ.

ಉಳಿದದ್ದು ಡೇಟಾ. ಲ್ಯಾಟಿನ್‌ನಲ್ಲಿ ಅದು ಬಹುವಚನ, ಏಕವಚನ ‘ಡೇಟಮ್’. ವಿಜ್ಞಾನದ ಎಷ್ಟೋ ಪತ್ರಿಕೆಗಳು ಈಗಲೂ ‘ಡೇಟಾ ಆರ್’ ಎನ್ನುತ್ತವೆ. ಸಾಮಾನ್ಯ ಓದುಗರ ಬರಹದಲ್ಲಿ ‘ಮಾಹಿತಿ’ ಎಂಬಂತೆ ಏಕವಚನವೇ ರೂಢಿ, ನಿಮ್ಮ ಲೇಖನಕ್ಕೂ ಅದೇ ಸಾಕು. ಆದರೆ ಕ್ರಿಯಾಪದ ಬದಲಿಸಿದರೆ ಮುಗಿಯುವುದಿಲ್ಲ. ‘ದೀಸ್’ ಹೋಗಿ ‘ದಿಸ್’, ‘ಮೆನಿ’ ಹೋಗಿ ‘ಮಚ್’, ಮುಂದಿನ ವಾಕ್ಯದ ‘ದೇ’ ಹೋಗಿ ‘ಇಟ್’ ಆಗಬೇಕು. ಆ ‘ದೇ’ಯೇ ಕಣ್ತಪ್ಪುವುದು. ಡೇಟಾ ಬಂದ ಪ್ರತಿ ಜಾಗ ಹುಡುಕಿ, ಅದರ ಮುಂದಿನ ವಾಕ್ಯವನ್ನೂ ಓದಿ, ತಿದ್ದಿ ಮತ್ತೆ ಕಳಿಸಿ.