ನಾಲ್ಕು ಅಡಿ ಮಣ್ಣು, ಹದಿನಾಲ್ಕು ಅಡಿ ಮಣ್ಣು

ಪ್ರಶ್ನೆ: ಪೈಪೋಟಿ ಜೋರಾಗಿರುವ ಕಡೆ ದೀರ್ಘಾವಧಿಯಲ್ಲಿ ಯಾರಿಗೂ ಹೆಚ್ಚುವರಿ ಲಾಭ ಉಳಿಯುವುದಿಲ್ಲ ಎಂದು ಓದಿದೆ. ಆದರೆ ಶಹಾಬಾದ್ ಕಡೆ ಕೆಲವು ಪರ್ಸಿ ಕಲ್ಲಿನ ಗಣಿಯವರು ವರ್ಷಗಟ್ಟಲೆ ಪಕ್ಕದವರಿಗಿಂತ ಹೆಚ್ಚು ಗಳಿಸುತ್ತಲೇ ಇದ್ದಾರೆ. ಪುಸ್ತಕ ತಪ್ಪೇ?

ಪುಸ್ತಕ ತಪ್ಪಲ್ಲ. ನಿಮ್ಮ ಕಣ್ಣಿಗೆ ಬಿದ್ದಿರುವ ಹಣ ಗಣಿ ನಡೆಸುವವನ ಲಾಭವಲ್ಲ, ನೆಲದ ಗಳಿಕೆ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಆರ್ಥಿಕ ಗೇಣಿ ಎನ್ನುತ್ತಾರೆ. ಶಹಾಬಾದ್ ಮತ್ತು ಚಿತ್ತಾಪುರ ಭಾಗದ ಗಣಿಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಈ ವ್ಯತ್ಯಾಸ ನನಗೆ ಅರ್ಥವಾದದ್ದು ಒಂದೇ ದಾರಿಯ ಎರಡು ಬದಿಯಲ್ಲಿದ್ದ ಎರಡು ಗಣಿಗಳ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ.

ನಮ್ಮ ಪರ್ಸಿ ಕಲ್ಲು ಪದರ ಪದರವಾಗಿ ಮಲಗಿರುವ ಸುಣ್ಣದ ಕಲ್ಲು. ಪದರದ ಸಂದಿಗೆ ಹಾರೆ ಹಾಕಿ ಎತ್ತಿದರೆ ಹಾಸುಗಲ್ಲಾಗಿಯೇ ಮೇಲೆ ಬರುತ್ತದೆ. ಕಷ್ಟವಿರುವುದು ಅದನ್ನು ಮುಟ್ಟುವುದರಲ್ಲಿ. ಮೇಲೆ ಎರೆಮಣ್ಣು, ಅದರ ಕೆಳಗೆ ಪುಡಿಯಾಗುವ ಹುಳುಕು ಕಲ್ಲು, ಆಮೇಲೆ ಮಾರಾಟಕ್ಕೆ ಬರುವ ಗಟ್ಟಿ ಪದರ. ದಾರಿಯ ಎಡಕ್ಕಿದ್ದ ಗಣಿಯಲ್ಲಿ 4 ಅಡಿ ಮಣ್ಣು ತೆಗೆದರೆ ಕಲ್ಲು ಸಿಗುತ್ತಿತ್ತು. ಬಲಕ್ಕಿದ್ದದ್ದರಲ್ಲಿ 14 ಅಡಿ ತೋಡಬೇಕಿತ್ತು. ತೋಡಿದ ಮಣ್ಣನ್ನು ಸಾಗಿಸಿ ಒಟ್ಟಲು ಜಾಗ ಬೇಕು, ಮಳೆಗಾಲದಲ್ಲಿ ಗುಂಡಿಗೆ ನುಗ್ಗಿದ ನೀರನ್ನು ವಾರಗಟ್ಟಲೆ ಎತ್ತಬೇಕು. ಕಲ್ಲು ಎರಡೂ ಕಡೆ ಒಂದೇ. ಲಾರಿಯಲ್ಲಿ ಬೆರೆಸಿ ಹಾಕಿದರೆ ಯಾವುದು ಎಲ್ಲಿಯದೆಂದು ಯಾರೂ ಹೇಳಲಾರರು.

ಅಂಕಿಗಳನ್ನು ದುಂಡಾಗಿಸಿ ಹೇಳುತ್ತೇನೆ. ಚದರ ಅಡಿಗೆ ಪೇಟೆಯ ದರ 12 ರೂಪಾಯಿ ಎಂದುಕೊಳ್ಳಿ. ಕಲ್ಲು ಎಬ್ಬಿಸುವ ಕೂಲಿ, ಯಂತ್ರ, ಡೀಸೆಲ್, ಸರ್ಕಾರಕ್ಕೆ ಕಟ್ಟುವ ರಾಯಧನ, ಹಾಕಿದ ಹಣದ ಬಡ್ಡಿ, ಮಾಲೀಕನ ದುಡಿಮೆಯ ಸಂಬಳ, ಅದೇ ನೆಲದಲ್ಲಿ ತೊಗರಿ ಬೆಳೆದಿದ್ದರೆ ಸಿಗುತ್ತಿದ್ದ ಆದಾಯ, ಎಲ್ಲ ಸೇರಿ ಇಬ್ಬರಿಗೂ 8 ರೂಪಾಯಿ ಬೀಳುತ್ತದೆ. ಮಣ್ಣು ಮತ್ತು ನೀರಿನ ಖರ್ಚು ಎಡಗಡೆಯವರಿಗೆ 1 ರೂಪಾಯಿ, ಬಲಗಡೆಯವರಿಗೆ 4 ರೂಪಾಯಿ. ಬಲಗಡೆಯವರಿಗೆ ಹಾಕಿದ್ದು ಮಾತ್ರ ಹುಟ್ಟುತ್ತದೆ. ಎಡಗಡೆಯವರಿಗೆ ಅಡಿಗೆ 3 ರೂಪಾಯಿ ಉಳಿಯುತ್ತದೆ. ತಿಂಗಳಿಗೆ 20,000 ಚದರ ಅಡಿ ತೆಗೆದರೆ 60,000 ರೂಪಾಯಿ, ವರ್ಷಕ್ಕೆ 7,20,000 ರೂಪಾಯಿ.

ಈ ಹಣವನ್ನು ಪೈಪೋಟಿ ಯಾಕೆ ಕರಗಿಸುವುದಿಲ್ಲ? ಯಂತ್ರದಿಂದ ಬಂದ ಲಾಭವಾಗಿದ್ದರೆ ಕರಗಿಸುತ್ತಿತ್ತು. ಕೈಯಲ್ಲಿ ಎಬ್ಬಿಸುವವರ ನಡುವೆ ಮೊದಲು ಕಟಿಂಗ್ ಯಂತ್ರ ತಂದವನಿಗೆ ಕೆಲವು ಹಂಗಾಮು ಚೆನ್ನಾಗಿ ಉಳಿಯುತ್ತದೆ. ಪಕ್ಕದವರು ಸಾಲ ಮಾಡಿಯಾದರೂ ಅದನ್ನೇ ತರುತ್ತಾರೆ, ಮಾಲು ಹೆಚ್ಚಿ ದರ ಇಳಿಯುತ್ತದೆ, ಉಳಿತಾಯ ಕೊಳ್ಳುವವರ ಪಾಲಾಗುತ್ತದೆ. ಆದರೆ 4 ಅಡಿ ಮಣ್ಣಿನ ನೆಲವನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ಹೊಸಬನು ಗಣಿಗೆ ಇಳಿಯಬಹುದು, ಆದರೆ ಅವನಿಗೆ ಸಿಗುವುದು 14 ಅಡಿಯ ಜಾಗ ಅಥವಾ ಅದಕ್ಕಿಂತ ಆಳದ್ದು. ಅವನಿಗೆ ಹೇಗೂ 12 ರೂಪಾಯಿ ಬೀಳುವುದರಿಂದ ಅವನು ಬಂದ ಮಾತ್ರಕ್ಕೆ ದರ 12ಕ್ಕಿಂತ ಕೆಳಗಿಳಿಯುವುದಿಲ್ಲ.

ಎಡಗಡೆಯವರೇ ಎರಡು ಪಟ್ಟು ತೆಗೆದು ದರ ಇಳಿಸಬಹುದಲ್ಲ ಎಂದು ನಾನೂ ಒಮ್ಮೆ ಕೇಳಿದ್ದೆ. ಆ ಸಾಹುಕಾರರು ಬಾಯಿಮಾತಿನಲ್ಲಿ ಉತ್ತರ ಕೊಡದೆ ನನ್ನನ್ನು ಗಣಿಯ ದಕ್ಷಿಣದ ಅಂಚಿಗೆ ಕರೆದುಕೊಂಡು ಹೋದರು. ಅಲ್ಲಿ ಕಡಿದ ಗೋಡೆಯಲ್ಲಿ ಕಪ್ಪು ಮಣ್ಣಿನ ಪಟ್ಟಿ ನಮ್ಮ ಮೊಣಕಾಲ ಎತ್ತರದಿಂದ ಶುರುವಾಗಿ, ಮುಂದೆ ಹೋದಂತೆ ದಪ್ಪವಾಗುತ್ತ ಕೊನೆಯಲ್ಲಿ ನಿಂತ ಆಳಿನ ತಲೆಗಿಂತ ಮೇಲೆ ಹೋಗಿತ್ತು. "ಇಲ್ಲಿಂದ ಆಚೆಗೆ ನಾನೂ ಬಲಗಡೆಯವನೇ" ಎಂದರು. ಅಗ್ಗದ ಕಲ್ಲು ಅವರ ಗಣಿಯಲ್ಲಿಯೂ ಅಷ್ಟಕ್ಕೇ ಮುಗಿಯುತ್ತಿತ್ತು. ಹೆಚ್ಚು ತೆಗೆದಷ್ಟೂ ಕೊನೆಯ ಅಡಿಯ ಖರ್ಚು ದರವನ್ನು ಮುಟ್ಟುತ್ತದೆ, ಅಲ್ಲಿಗೆ ಕೆಲಸ ನಿಲ್ಲುತ್ತದೆ. ಪೇಟೆಗೆ ಬಲಗಡೆಯ ಕಲ್ಲೂ ಬೇಕಾಗಿರುವವರೆಗೆ ದರ ಅವರ ಖರ್ಚಿನ ಮಟ್ಟದಲ್ಲಿಯೇ ನಿಲ್ಲಬೇಕು, ಇಲ್ಲವಾದರೆ ಅವರು ಬಾಗಿಲು ಹಾಕುತ್ತಾರೆ.

ಇನ್ನು ಆ 7,20,000 ಯಾರ ಕೈ ಸೇರುತ್ತದೆ ಎಂಬುದು. ಎಡಗಡೆಯ ನೆಲ ಸಾಹುಕಾರರದ್ದಲ್ಲ, ಒಬ್ಬ ರೈತರದ್ದು. ಹತ್ತು ವರ್ಷಕ್ಕೆ ಗುತ್ತಿಗೆ ಬರೆದಾಗ ಹೊಲವನ್ನು ಬೇಸಾಯಕ್ಕೆ ಬಿಟ್ಟುಕೊಡುವಂತೆ ತೊಗರಿಯ ಆದಾಯದ ಲೆಕ್ಕದಲ್ಲಿ ಕೊಟ್ಟಿದ್ದರು. ಆ ಹತ್ತು ವರ್ಷ ಗೇಣಿಯೆಲ್ಲ ಸಾಹುಕಾರರ ಜೇಬಿಗೆ ಹೋಯಿತು. ನವೀಕರಣದ ವರ್ಷ ಬಲಗಡೆಯವರು ರೈತರ ಮನೆಗೆ ಹೋದರು, ಇನ್ನಿಬ್ಬರು ಹಿಂಬಾಲಿಸಿದರು. ಆ ನೆಲದಿಂದ ವರ್ಷಕ್ಕೆ ಏಳು ಲಕ್ಷ ಹೆಚ್ಚು ಹುಟ್ಟುತ್ತದೆ ಎಂದು ಗೊತ್ತಿದ್ದ ಮೇಲೆ ಎರಡು ಲಕ್ಷಕ್ಕೆ ಬಿಟ್ಟುಕೊಡುವವರು ಯಾರು? ಕೂಗು ಏರುತ್ತ ಏರುತ್ತ ಹೆಚ್ಚುಕಡಿಮೆ ಏಳು ಲಕ್ಷಕ್ಕೆ ಬಂದು ನಿಂತಿತು. ಗಣಿ ಸಾಹುಕಾರರ ಬಳಿಯೇ ಉಳಿಯಿತು, ಗೇಣಿ ರೈತರ ಮನೆ ಸೇರಿತು. ನಿಮ್ಮ ಪುಸ್ತಕ ಹೇಳುವ "ಸೊನ್ನೆ ಲಾಭ" ಇದೇ. ಹಣ ಎಲ್ಲಿಯೂ ಮಾಯವಾಗಿಲ್ಲ, ವಿರಳವಾದದ್ದು ಯಾರ ಹೆಸರಿನಲ್ಲಿದೆಯೋ ಅವರಿಗೆ ಹೋಗಿದೆ.

ಗುತ್ತಿಗೆ ಏರಿದ ತಿಂಗಳೇ ಸಾಹುಕಾರರು ಚದರ ಅಡಿಗೆ 14 ರೂಪಾಯಿ ಹೇಳಿ ನೋಡಿದರು. ಲಾರಿಗಳು ದಾರಿ ದಾಟಿ ಬಲಗಡೆಗೆ ಹೋದವು. ಗೇಣಿ ಏರಿತೆಂದು ದರ ಏರುವುದಿಲ್ಲ, ದರ ಚೆನ್ನಾಗಿದೆ ಎಂದು ಗೇಣಿ ಏರುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಡೇವಿಡ್ ರಿಕಾರ್ಡೊ ಧಾನ್ಯದ ಬೆಲೆಯ ಬಗ್ಗೆ ಹೇಳಿದ್ದು ಇದನ್ನೇ.

ಸ್ವಂತ ನೆಲದಲ್ಲಿ ಗಣಿ ನಡೆಸುವವರು ಎಡವುವುದು ಇಲ್ಲಿಯೇ, ಇದು ನನಗೆ ಬಹಳ ಸಂಕಟ ತರುವ ವಿಷಯ. ನಾನು ಲೆಕ್ಕ ನೋಡಿದ ಇನ್ನೊಂದು ಕುಟುಂಬದ್ದು ಅಷ್ಟೇ ತೆಳು ಮಣ್ಣಿನ ಸ್ವಂತ ಹೊಲ, ಅಷ್ಟೇ ಉತ್ಪಾದನೆ. ಆದರೆ ಒಡೆದು ಹಾಳಾಗುವ ಕಲ್ಲು ಹೆಚ್ಚು, ಯಂತ್ರ ನಿಂತ ದಿನಗಳು ಹೆಚ್ಚು. ಅವರಿಗೆ ಅಡಿಗೆ 10.50 ಬೀಳುತ್ತಿತ್ತು, ವರ್ಷಕ್ಕೆ 3,60,000 ಉಳಿಯುತ್ತಿತ್ತು. ಮನೆಯವರು ಅದನ್ನು ಲಾಭವೆಂದೇ ನಂಬಿದ್ದರು. ಅದೇ ನೆಲವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಏಳು ಲಕ್ಷ ಬರುತ್ತಿತ್ತು. ನೆಲ ದುಡಿದದ್ದರಲ್ಲಿ ಅರ್ಧವನ್ನು ಗಣಿ ತಿನ್ನುತ್ತಿತ್ತು, ಪುಸ್ತಕದಲ್ಲಿ ಮಾತ್ರ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಅಂದಿನಿಂದ ನಾನು ಸ್ವಂತ ನೆಲದವರ ಲೆಕ್ಕದಲ್ಲಿಯೂ "ನೆಲದ ಗುತ್ತಿಗೆ" ಎಂಬ ಸಾಲೊಂದನ್ನು ಖರ್ಚಿನ ಬದಿಗೆ ಬರೆಸುತ್ತೇನೆ. ತೆರಿಗೆಯ ಲೆಕ್ಕಕ್ಕೆ ಅದು ಬರುವುದಿಲ್ಲ, ಮನೆಯ ತಿಳಿವಳಿಕೆಗೆ. ನೀವು ಹೇಳಿದ ಗಣಿಗಳಲ್ಲಿಯೂ ಇದನ್ನೇ ಕೇಳಿ ನೋಡಿ: ಗಣಿ ಬಿಟ್ಟು ನೆಲವನ್ನು ಬೇರೆಯವರಿಗೆ ಕೊಟ್ಟರೆ ಎಷ್ಟು ಬರುತ್ತದೆ? ಅದನ್ನು ಕಳೆದ ಮೇಲೂ ಏನಾದರೂ ಉಳಿದರೆ ಮಾತ್ರ ಅದು ನಡೆಸುವವನ ಜಾಣ್ಮೆಗೆ ಸಲ್ಲುವಂಥದ್ದು.

ದೀರ್ಘಾವಧಿ ಎಂದರೆ ಶಾಶ್ವತವಲ್ಲ ಎಂಬುದನ್ನೂ ಗಮನಿಸಿ. ತೆಳು ಮಣ್ಣಿನ ಭಾಗ ಮುಗಿದರೆ ಗೇಣಿಯೂ ಮುಗಿಯಿತು. ಬೇಡಿಕೆ ಬಿದ್ದರೂ ಅಷ್ಟೇ. ವಿಟ್ರಿಫೈಡ್ ಟೈಲ್ಸ್ ಬಂದು ಮನೆ ಕಟ್ಟುವವರು ಅತ್ತ ವಾಲಿದಾಗ ಪರ್ಸಿಗೆ ಬಿದ್ದ ಪೆಟ್ಟು ನಿಮಗೂ ಗೊತ್ತಿರಬಹುದು. ಮೇಲಿನ ಲೆಕ್ಕದಲ್ಲಿ ದರ 10ಕ್ಕೆ ಇಳಿದರೆ ಬಲಗಡೆಯ ಗಣಿ ನಿಲ್ಲುತ್ತದೆ, ಎಡಗಡೆಯದು ನಡೆಯುತ್ತದೆ, ಆದರೆ ಅಡಿಗೆ ಉಳಿಯುವುದು 1 ರೂಪಾಯಿ. ಏಳು ಲಕ್ಷಕ್ಕೆ ಗುತ್ತಿಗೆ ಹಿಡಿದವರಿಗೆ ಆಗ ವರ್ಷಕ್ಕೆ ಹುಟ್ಟುವುದು 2,40,000. ಅವಧಿ ಮುಗಿಯುವವರೆಗೆ ಉಳಿದದ್ದನ್ನು ಕೈಯಿಂದ ತುಂಬಬೇಕು.